ಸಾರ್ವಜನಿಕ ಸರಕು ಮತ್ತು ದೀಪಸ್ತಂಭದ ವಾದ

ಅರ್ಥಶಾಸ್ತ್ರಜ್ಞರು ಸರಕುಗಳನ್ನು ವಿಂಗಡಿಸುವುದು ಎರಡು ಪ್ರಶ್ನೆಗಳಿಂದ. ಹಣ ಕೊಡದವರನ್ನು ಹೊರಗಿಡಬಹುದೇ? ಒಬ್ಬರು ಬಳಸಿದರೆ ಮತ್ತೊಬ್ಬರ ಪಾಲು ಕಡಿಮೆಯಾಗುವುದೇ? ಎರಡಕ್ಕೂ ‘ಇಲ್ಲ’ ಎಂದಾದರೆ ಅದು ಸಾರ್ವಜನಿಕ ಸರಕು. ಹೊರಗಿಡುವುದು ಕಷ್ಟ, ಬಳಸಿದಷ್ಟೂ ತೀರುತ್ತದೆ ಎಂದಾದರೆ ಕಡಲ ಮೀನಿನಂಥ ಸಾಮೂಹಿಕ ಸಂಪನ್ಮೂಲ. ಹೊರಗಿಡುವುದು ಸುಲಭ, ಬಳಸಿದರೂ ತೀರದು ಎಂದಾದರೆ ಕೇಬಲ್ ಟಿ.ವಿ.ಯಂಥ ಕ್ಲಬ್ ಸರಕು. ಈ ಗೆರೆಗಳನ್ನು ಎಳೆಯುವುದು ಎಷ್ಟು ತೊಡಕಿನ ಕೆಲಸವೆಂಬುದಕ್ಕೆ ದೀಪಸ್ತಂಭದ ಚರಿತ್ರೆಯೇ ಸಾಕ್ಷಿ.

ಜಾನ್ ಸ್ಟುವರ್ಟ್ ಮಿಲ್ 1848ರಲ್ಲೇ ಈ ಉದಾಹರಣೆ ಕೊಟ್ಟಿದ್ದ. ಬೆಳಕು ಕಂಡು ದಾರಿ ಹಿಡಿದ ಹಡಗಿನಿಂದ ನಡುಗಡಲಲ್ಲಿ ಸುಂಕ ವಸೂಲು ಮಾಡಲಾಗದು. ಹಾಗಾಗಿ ಸರ್ಕಾರ ಕಡ್ಡಾಯ ತೆರಿಗೆಯಿಂದ ವೆಚ್ಚ ತುಂಬಿಕೊಡದ ಹೊರತು ಯಾರೂ ಲಾಭಕ್ಕಾಗಿ ದೀಪಸ್ತಂಭ ಕಟ್ಟುವುದಿಲ್ಲ ಎಂಬುದು ಅವನ ವಾದ. ಹಣ ಕೊಡದೆ ಫಲ ಉಣ್ಣುವ ಈ ನಡೆಗೆ ಮುಂದೆ ‘ಬಿಟ್ಟಿ ಸವಾರರ ಸಮಸ್ಯೆ’ ಎಂಬ ಹೆಸರು ನಿಂತಿತು. 1954ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಸಾರ್ವಜನಿಕ ಸರಕಿಗೆ ಗಣಿತದ ವ್ಯಾಖ್ಯೆ ಕೊಟ್ಟ. ಸುಂಕ ಎತ್ತಲು ಸಾಧ್ಯವಾದರೂ ಎತ್ತಬಾರದೆಂಬುದು ದೀಪಸ್ತಂಭದ ಬಗ್ಗೆ ಅವನ ನಿಲುವು: ಇನ್ನೊಂದು ಹಡಗು ಹಾದುಹೋದರೆ ಹೆಚ್ಚುವರಿ ಖರ್ಚೇನೂ ಇಲ್ಲ, ಸುಂಕಕ್ಕೆ ಹೆದರಿ ಅದು ದೂರ ಸರಿದರೆ ನಷ್ಟ ಮಾತ್ರ.

1974ರಲ್ಲಿ ರೊನಾಲ್ಡ್ ಕೋಸ್ ಹಳೆಯ ದಾಖಲೆಗಳನ್ನೇ ತೆರೆದುನೋಡಿದ. ಇಂಗ್ಲೆಂಡಿನಲ್ಲಿ 17ನೇ ಶತಮಾನದಿಂದಲೂ ಖಾಸಗಿಯವರು ರಾಜನ ಸನ್ನದು ಪಡೆದು ದೀಪಸ್ತಂಭ ಕಟ್ಟುತ್ತಿದ್ದರು. ಸುಂಕ ಎತ್ತುತ್ತಿದ್ದುದು ಕಡಲಲ್ಲಲ್ಲ, ಬಂದರಿನಲ್ಲಿ. ಹಡಗು ಎಲ್ಲಿಂದ ಬಂತೆಂದು ತಿಳಿದರೆ ಯಾವ ಯಾವ ದೀಪಗಳನ್ನು ದಾಟಿತೆಂದೂ ತಿಳಿಯುತ್ತಿತ್ತು. ಹಡಗಿನ ಟನ್ನೇಜಿಗೆ ತಕ್ಕಂತೆ ಹಣ ಕಟ್ಟಿಸಿಕೊಳ್ಳುತ್ತಿದ್ದರು. 1820ರಲ್ಲಿದ್ದ 46 ದೀಪಸ್ತಂಭಗಳಲ್ಲಿ 22 ಖಾಸಗಿಯವರ ಕೈಯಲ್ಲಿದ್ದವು. 1836ರ ಕಾನೂನಿನಂತೆ ಟ್ರಿನಿಟಿ ಹೌಸ್ ಎಂಬ ಸಂಸ್ಥೆ ಅವನ್ನೆಲ್ಲ ಕೊಂಡುಕೊಂಡಿತು. ಸ್ಕೆರೀಸ್ ದೀಪಸ್ತಂಭವೊಂದಕ್ಕೇ ಸುಮಾರು 4.45 ಲಕ್ಷ ಪೌಂಡ್ ತೆರಬೇಕಾಯಿತು. ಲಾಭವಿಲ್ಲದ ಆಸ್ತಿಗೆ ಅಷ್ಟು ಬೆಲೆ ಬರುವುದಿಲ್ಲ.

ಹಾಗೆಂದು ಇದನ್ನು ಮುಕ್ತ ಮಾರುಕಟ್ಟೆಯ ಗೆಲುವೆನ್ನುವುದೂ ಅತಿಯಾದೀತು. ಸುಂಕದ ದರ ಗೊತ್ತುಮಾಡಿದ್ದು ಸರ್ಕಾರ, ವಸೂಲಿಗೆ ಬಲ ಕೊಟ್ಟದ್ದೂ ಅದೇ ಎಂದು 1993ರಲ್ಲಿ ಡೇವಿಡ್ ವ್ಯಾನ್ ಜಾಂಡ್ಟ್ ತೋರಿಸಿದ. ಬಂದರಿನ ಬಾಗಿಲು ಕಾಯುವ ಅಧಿಕಾರ ಇರುವವರೆಗೆ ಬೆಳಕು ಕ್ಲಬ್ ಸರಕಿಗೆ ಹತ್ತಿರ; ಆ ಅಧಿಕಾರ ತೆಗೆದರೆ ಮತ್ತೆ ಸಾರ್ವಜನಿಕ ಸರಕು. ಕ್ಲಬ್ ಸರಕಿನ ಸಿದ್ಧಾಂತವನ್ನು ಜೇಮ್ಸ್ ಬುಕಾನನ್ 1965ರಲ್ಲಿ ರೂಪಿಸಿದ್ದ. ಎರಡು ಪ್ರಶ್ನೆಗಳನ್ನು ಅಡ್ಡ ಉದ್ದ ಇಟ್ಟು ನಾಲ್ಕು ಮನೆಗಳ ಕೋಷ್ಟಕದಲ್ಲಿ ಸಾಮೂಹಿಕ ಸಂಪನ್ಮೂಲಕ್ಕೂ ಜಾಗ ಕೊಟ್ಟವರು ವಿನ್ಸೆಂಟ್ ಮತ್ತು ಎಲಿನಾರ್ ಆಸ್ಟ್ರಮ್ ದಂಪತಿ, 1977ರಲ್ಲಿ.

ಭಾರತವೂ 1927ರ ದೀಪಸ್ತಂಭ ಕಾಯ್ದೆಯಡಿ ಬಂದರಿನಲ್ಲೇ ಸುಂಕ ಎತ್ತುತ್ತಿತ್ತು. 2021ರಲ್ಲಿ ಹೊಸ ಕಾಯ್ದೆ ಆ ಜಾಗಕ್ಕೆ ಬಂತು. ಉಡುಪಿ ಜಿಲ್ಲೆಯ ಕಾಪು ದೀಪಸ್ತಂಭದ ಬೆಳಕಿನಲ್ಲಿ ಸಾಗಿ ಮಂಗಳೂರಿಗೆ ಬರುವ ಸರಕು ಹಡಗಿಗೆ ಈ ಸುಂಕ ತಪ್ಪದು. ಅದೇ ಬೆಳಕು ನೋಡಿಕೊಂಡು, ಭಾರತದ ಯಾವ ಬಂದರಿಗೂ ಬಾರದೆ ಮುಂದೆ ಹೋಗುವ ಹಡಗು ಏನೂ ಕೊಡುವುದಿಲ್ಲ.