ಹೇಬಿಯಸ್ ಕಾರ್ಪಸ್ ರಿಟ್

ಒಬ್ಬರನ್ನು ಕಾನೂನಿನ ಆಧಾರವಿಲ್ಲದೆ ಹಿಡಿದಿಟ್ಟಿದ್ದರೆ, ಯಾವ ಅಧಿಕಾರದಿಂದ ಹಿಡಿದಿಟ್ಟಿದ್ದೀರಿ ಎಂದು ಕೇಳಿ, ಉತ್ತರ ಸರಿಯಿಲ್ಲದಿದ್ದರೆ ಬಿಡುಗಡೆಗೆ ಆದೇಶಿಸುವ ರಿಟ್ ಇದು. ಕನ್ನಡದಲ್ಲಿ ಬಂದಿ ಪ್ರತ್ಯಕ್ಷೀಕರಣ ಎಂದೂ ಕರೆಯುತ್ತಾರೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೂ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೂ ಈ ಅಧಿಕಾರವಿದೆ. ಉದಾಹರಣೆಗೆ, ಥಾಣೆ ಜಿಲ್ಲೆಯ ಬದಲಾಪುರದ ನಿವಾಸಿಗಳು ಇದಕ್ಕಾಗಿ ಕಲ್ಯಾಣ ಅಥವಾ ಥಾಣೆಯ ನ್ಯಾಯಾಲಯಕ್ಕಲ್ಲ, ಬಾಂಬೆ ಹೈಕೋರ್ಟಿಗೆ ಹೋಗಬೇಕು.

ಸೆರೆಯಲ್ಲಿರುವವರೇ ಅರ್ಜಿ ಹಾಕಬೇಕೆಂಬ ನಿಯಮವಿಲ್ಲ. ಹೆಂಡತಿ, ತಾಯಿ, ಸ್ನೇಹಿತ, ಯಾರಾದರೂ ಅವರ ಪರವಾಗಿ ಕೇಳಬಹುದು. ಕೈದಿಯೊಬ್ಬ ಜೈಲಿನಲ್ಲಿ ಮತ್ತೊಬ್ಬನಿಗೆ ಆಗುತ್ತಿದ್ದ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತು.

ಈ ರಕ್ಷಣೆ ಕುಸಿದದ್ದು ತುರ್ತುಪರಿಸ್ಥಿತಿಯಲ್ಲಿ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು 1975ರ ಜೂನ್‌ನಲ್ಲಿ ಅಲ್ಲೇ ಬಂಧಿಸಲಾಯಿತು. ಇಂಥ ಬಂಧನಗಳ ವಿರುದ್ಧದ ಅರ್ಜಿಗಳನ್ನು ಕೇಳಲು ತಮಗೆ ಅಧಿಕಾರವಿದೆ ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಇತ್ತು, ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ ಇತ್ತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಈ ತೀರ್ಪುಗಳನ್ನು ತಳ್ಳಿಹಾಕಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಸರ್ಕಾರ ತಪ್ಪಾಗಿ ಹಿಡಿದಿಟ್ಟರೂ ನ್ಯಾಯಾಲಯದ ಬಾಗಿಲು ಮುಚ್ಚಿದೆ ಎಂದ ಆ ತೀರ್ಪು ನಮ್ಮ ನ್ಯಾಯಾಂಗದ ಅತ್ಯಂತ ನೋವಿನ ಪುಟ. ತುರ್ತುಪರಿಸ್ಥಿತಿಯಲ್ಲೂ 21ನೇ ವಿಧಿಯ ಹಕ್ಕನ್ನು ಅಮಾನತಿನಲ್ಲಿಡಲಾಗದಂತೆ 44ನೇ ತಿದ್ದುಪಡಿ ಮಾಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಸಲ್ಲಿಸಿದ ಅರ್ಜಿಯಲ್ಲಿ, 2017ರಲ್ಲಿ, ಸುಪ್ರೀಂ ಕೋರ್ಟ್ 1976ರ ಆ ತೀರ್ಪನ್ನು ರದ್ದುಪಡಿಸಿತು.

ರಿಟ್ಟಿನ ಮಿತಿ ಥಾಣೆಯ ಪ್ರಕರಣವೊಂದರಲ್ಲಿ ಸ್ಪಷ್ಟವಾಯಿತು. 2018ರ ಮಾರ್ಚ್‌ನಲ್ಲಿ ಥಾಣೆ ಪೊಲೀಸರು ಒಬ್ಬ ವಕೀಲರನ್ನು ಬಂಧಿಸಿದರು. ಅವರ ಪತ್ನಿ ಬಾಂಬೆ ಹೈಕೋರ್ಟಿಗೆ ಅರ್ಜಿ ಹಾಕಿದರು. ಬಂಧನದ ಕ್ರಮ ಸರಿಯಿಲ್ಲವೆಂದು ಹೈಕೋರ್ಟ್ ಬಿಡುಗಡೆಗೆ ಆದೇಶಿಸಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪತ್ನಿ ಅರ್ಜಿ ಹಾಕಿದ್ದಕ್ಕೆ ಆಕ್ಷೇಪವಿರಲಿಲ್ಲ. ಆದರೆ ಅರ್ಜಿ ಬರುವ ವೇಳೆಗೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಪೊಲೀಸ್ ಕಸ್ಟಡಿಗೆ ಕೊಟ್ಟು ರಿಮಾಂಡ್ ಆದೇಶ ಮಾಡಿಯಾಗಿತ್ತು. ನ್ಯಾಯಾಲಯದ ಆದೇಶದ ಮೇಲೆ ನಡೆಯುವ ಕಸ್ಟಡಿಯನ್ನು ಈ ರಿಟ್ಟಿನಿಂದ ಪ್ರಶ್ನಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ಅಧಿಕಾರವೇ ಇಲ್ಲದವರು ಮಾಡಿದ ಅಥವಾ ತೀರ ಯಾಂತ್ರಿಕವಾದ ರಿಮಾಂಡ್ ಆದೇಶ ಮಾತ್ರ ಇದಕ್ಕೆ ಹೊರತು. ಉಳಿದಂತೆ ಜಾಮೀನು ಕೇಳುವುದು, ಇಲ್ಲವೇ ರಿಮಾಂಡ್ ಆದೇಶವನ್ನೇ ಪ್ರಶ್ನಿಸುವುದು ದಾರಿ.

ಹೀಗಾಗಿ ಕರೆದೊಯ್ದ ಹೊತ್ತು ಬಹಳ ಮುಖ್ಯ. ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು 22ನೇ ವಿಧಿ ಹೇಳುತ್ತದೆ. ಆ ಗಡುವು ಮೀರಿಯೂ ಹಾಜರುಪಡಿಸದೆ, ಬಂಧನವನ್ನೇ ಅಲ್ಲಗಳೆಯುತ್ತ ಮನುಷ್ಯನನ್ನು ಠಾಣೆಯಲ್ಲಿ ಕೂರಿಸಿಕೊಂಡರೆ, ಹೇಬಿಯಸ್ ಕಾರ್ಪಸ್ ಅರ್ಜಿಗೆ ಅದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.