ಒಂದೊಂದೇ ಕಡತದಲ್ಲಿ ಕಾಣದ್ದು: ತುಂಡು ಖರೀದಿ ಮತ್ತು ಟೆಂಡರ್ ಒಳಒಪ್ಪಂದದ ಆಂತರಿಕ ಪರಿಶೋಧನೆ

ಪಟ್ಟದಕಲ್ಲಿನಲ್ಲಿ ಸರ್ಕಾರಿ ಹಣ ಎರಡು ಕಾನೂನುಗಳ ಅಡಿಯಲ್ಲಿ ಖರ್ಚಾಗುತ್ತದೆ. ದೇವಾಲಯ ಸಮುಚ್ಚಯದ ಬೇಲಿಯೊಳಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ಪಾಲಿಸಬೇಕು. ಬೇಲಿಯ ಹೊರಗಿನ ರಸ್ತೆ, ಚರಂಡಿ, ಉತ್ಸವದ ಚಪ್ಪರಗಳಿಗೆ ಅನ್ವಯಿಸುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮ. ಬೇಡಿಕೆಯನ್ನು ಸಣ್ಣ ಸಣ್ಣ ಭಾಗ ಮಾಡಿ ಮೇಲಧಿಕಾರಿಯ ಮಂಜೂರಾತಿಯನ್ನು ತಪ್ಪಿಸಿಕೊಳ್ಳಬಾರದೆಂದು ಕೇಂದ್ರದ 157ನೇ ನಿಯಮ ನೇರವಾಗಿಯೇ ಹೇಳುತ್ತದೆ. ರಾಜ್ಯದ ಅಧಿನಿಯಮದಲ್ಲಿ 5ನೇ ಪ್ರಕರಣ ಟೆಂಡರ್ ಇಲ್ಲದ ಖರೀದಿಯನ್ನು ನಿಷೇಧಿಸುತ್ತದೆ, 4ನೇ ಪ್ರಕರಣ ವಿನಾಯಿತಿಗಳನ್ನು ಕೊಡುತ್ತದೆ. ಆ ವಿನಾಯಿತಿಗಳಲ್ಲಿ ಒಂದು ಮೌಲ್ಯದ ಮಿತಿ. ಮಿತಿ ಎಲ್ಲಿ ಇದೆಯೋ ಅದರ ಕೆಳಗೇ ಕಡತಗಳು ಗುಂಪುಗೂಡುವುದು ಲೆಕ್ಕಪರಿಶೋಧಕರಿಗೆ ಹೊಸ ವಿಷಯವಲ್ಲ. ತುಂಡು ಖರೀದಿ ಮತ್ತು ಟೆಂಡರ್‌ದಾರರ ಒಳಒಪ್ಪಂದವನ್ನು ನಮ್ಮ ಪರಿಶೋಧನಾ ವರದಿಗಳು ಎರಡು ಬೇರೆ ಕಂಡಿಕೆಗಳಾಗಿ ಬರೆಯುವುದು ರೂಢಿ. ಇವು ಬಹುಮಟ್ಟಿಗೆ ಒಂದೇ ಕೃತ್ಯದ ಎರಡು ಹಂತಗಳು ಎಂಬುದು ಈ ಲೇಖನದ ವಾದ. ತುಂಡು ಮಾಡುವುದರಿಂದ ಸ್ಪರ್ಧೆಯಷ್ಟೇ ಅಲ್ಲ, ಒಳಒಪ್ಪಂದದ ಸಾಕ್ಷ್ಯವೂ ಚೂರಾಗುತ್ತದೆ. ಆದ್ದರಿಂದ ಒಂದೊಂದೇ ಕಡತವನ್ನು ಓದುವ ಪರಿಶೋಧನೆಗೆ ಎರಡೂ ಕಾಣುವುದಿಲ್ಲ.

ಪರೀಕ್ಷೆಗಾಗಿ ಒಂದು ಕಲ್ಪಿತ ಕಡತವನ್ನು ಬಿಡಿಸಿ ನೋಡಬಹುದು. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಕಡೆ ನಡೆಯುವ ಒಂದು ಉತ್ಸವಕ್ಕೆ ಚಪ್ಪರ, ಕುರ್ಚಿ, ಜನರೇಟರ್ ಬೇಕು; ಟೆಂಡರ್ ಇಲ್ಲದೆ ಖರೀದಿಸಬಹುದಾದ ಮಿತಿ 5 ಲಕ್ಷ ರೂಪಾಯಿ ಎಂದುಕೊಳ್ಳೋಣ. ಬಾದಾಮಿಗೆ 4.92 ಲಕ್ಷ, ಪಟ್ಟದಕಲ್ಲಿಗೆ 4.85 ಲಕ್ಷ, ಐಹೊಳೆಗೆ 4.78 ಲಕ್ಷದ ಕಾರ್ಯಾದೇಶಗಳು ಒಂದೇ ವಾರದಲ್ಲಿ ಹೊರಟಿವೆ. ಪ್ರತಿ ಕಡತದಲ್ಲೂ ಮೂರು ದರಪಟ್ಟಿಗಳಿವೆ, ತುಲನಾತ್ಮಕ ತಖ್ತೆ ಇದೆ, ಅತಿ ಕಡಿಮೆ ದರದವರಿಗೇ ಆದೇಶ ಹೋಗಿದೆ. ಬಿಡಿಬಿಡಿಯಾಗಿ ನೋಡಿದರೆ ಮೂರಕ್ಕೂ ಆಕ್ಷೇಪಣೆ ಎತ್ತಲು ಆಸ್ಪದವಿಲ್ಲ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿದಾಗ ಒಟ್ಟು 14.55 ಲಕ್ಷವಾಗುತ್ತದೆ. ದರ ಕೊಟ್ಟ ಮೂವರೂ ಎಲ್ಲ ಕಡತಗಳಲ್ಲೂ ಅವರೇ. ಪ್ರತಿಯೊಬ್ಬರೂ ಒಂದೊಂದು ಊರಿನಲ್ಲಿ ಗೆದ್ದಿದ್ದಾರೆ, ಉಳಿದೆರಡರಲ್ಲಿ ಸೋತಿದ್ದಾರೆ.

ಸರದಿಯ ಗೆಲುವು ಶಂಕೆ ಹುಟ್ಟಿಸುತ್ತದೆ, ಆದರೆ ಅಷ್ಟರಿಂದ ತೀರ್ಮಾನಕ್ಕೆ ಬರಲಾಗದು. ಇನ್ನೂ ಒಳಗಿನ ಗುರುತು ಬಾಬುವಾರು ದರಗಳಲ್ಲಿ ಸಿಗುತ್ತದೆ. ಪಟ್ಟದಕಲ್ಲಿನ ಕಡತದಲ್ಲಿ ಗೆದ್ದವನು ಕುರ್ಚಿಗೆ 12 ರೂಪಾಯಿ, ಚದರ ಅಡಿ ನೆಲಹಾಸಿಗೆ 4 ರೂಪಾಯಿ, ದಿನದ ಜನರೇಟರ್ ಬಾಡಿಗೆಗೆ 6,500 ರೂಪಾಯಿ ಬರೆದಿದ್ದಾನೆ. ಸೋತ ಒಬ್ಬನ ಪಟ್ಟಿಯಲ್ಲಿ ಅವೇ ಬಾಬುಗಳಿಗೆ 12.60, 4.20 ಮತ್ತು 6,825 ಇವೆ. ಮೂರರಲ್ಲೂ ಹೆಚ್ಚಳ ಸರಿಯಾಗಿ ಶೇ. 5. ನಿಜವಾಗಿ ಪೈಪೋಟಿಗೆ ಇಳಿದವರ ದರಗಳು ಹೀಗೆ ಸಮಾನಾಂತರವಾಗಿ ಸಾಗುವುದಿಲ್ಲ. ಒಬ್ಬನ ಬಳಿ ಸ್ವಂತ ಜನರೇಟರ್ ಇರುತ್ತದೆ, ಕುರ್ಚಿಯನ್ನು ಹೊರಗಿನಿಂದ ತರಬೇಕು. ಇನ್ನೊಬ್ಬನ ಗೋದಾಮಿನ ತುಂಬ ಕುರ್ಚಿಗಳಿರುತ್ತವೆ, ಜನರೇಟರ್ ಇರುವುದಿಲ್ಲ. ಆಗ ಒಟ್ಟು ಮೊತ್ತದಲ್ಲಿ ಸೋತವನೂ ಒಂದೆರಡು ಬಾಬುಗಳಲ್ಲಿ ಅಗ್ಗವಾಗಿರುತ್ತಾನೆ. ದರಗಳು ಎಲ್ಲೂ ಒಂದನ್ನೊಂದು ದಾಟದೆ ಒಂದೇ ಗುಣಕದಲ್ಲಿ ಏರಿದ್ದರೆ, ಎರಡನೆಯ ಪಟ್ಟಿ ಮೊದಲನೆಯದನ್ನು ಎದುರಿಗಿಟ್ಟುಕೊಂಡೇ ತಯಾರಾಗಿರುವ ಸಂಭವ ಹೆಚ್ಚು. ತುಲನಾತ್ಮಕ ತಖ್ತೆಯಲ್ಲಿ ಒಟ್ಟು ಮೊತ್ತವನ್ನಷ್ಟೇ ಬರೆಯುವ ಅಭ್ಯಾಸ ಈ ಗುರುತನ್ನು ಅಳಿಸಿಬಿಡುತ್ತದೆ. ಪರಿಶೋಧಕರು ಮೂಲ ದರಪಟ್ಟಿಗಳನ್ನೇ ಕೇಳಿ ಪಡೆಯಬೇಕಾದದ್ದು ಈ ಕಾರಣಕ್ಕೆ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ: ಮೂರು ಊರುಗಳಿವೆ, ಐಹೊಳೆ ಹುನಗುಂದ ತಾಲ್ಲೂಕಿಗೆ ಸೇರಿದ್ದು, ಬೇರೆ ಬೇರೆ ಖರೀದಿ ಮಾಡಿದರೆ ತಪ್ಪೇನು? ಊರು ಬೇರೆಯಾದ ಮಾತ್ರಕ್ಕೆ ಬೇಡಿಕೆ ಬೇರೆಯಾಗುವುದಿಲ್ಲ. ಬೇಡಿಕೆ ಗೊತ್ತಾದ ದಿನ ಯಾವುದು ಎಂಬುದೇ ನಿರ್ಣಾಯಕ ಪ್ರಶ್ನೆ. ಒಂದೇ ಪೂರ್ವಭಾವಿ ಸಭೆಯ ನಡಾವಳಿಯಲ್ಲಿ ಮೂರೂ ವೇದಿಕೆಗಳು ನಿಶ್ಚಯವಾಗಿದ್ದರೆ, ಅಂದೇ ಅದು 14.55 ಲಕ್ಷದ ಒಂದು ಬೇಡಿಕೆ. ಬಾದಾಮಿಯ ಆದೇಶವಾದ ಮೇಲೆ ಐಹೊಳೆಯ ಕಾರ್ಯಕ್ರಮ ಹೊಸದಾಗಿ ಸೇರಿಕೊಂಡಿದ್ದರೆ ಮಾತು ಬೇರೆ. ಆ ಕಾರಣ ಟಿಪ್ಪಣಿ ಹಾಳೆಯಲ್ಲಿ, ಆ ದಿನಾಂಕದಲ್ಲೇ ಇರಬೇಕು. ಸ್ಥಳೀಯ ಸಣ್ಣ ವ್ಯಾಪಾರಿಗಳಿಗೆ ಅವಕಾಶ ಸಿಗಲೆಂದು ಭಾಗ ಮಾಡಿದೆವು ಎಂಬ ಸಮರ್ಥನೆಯೂ ಕೇಳಿಬರುತ್ತದೆ. ಉದ್ದೇಶ ಒಳ್ಳೆಯದೇ. ಅದಕ್ಕೆ ಟೆಂಡರ್ ಕೈಬಿಡಬೇಕಾಗಿಲ್ಲ: ಒಂದೇ ಪ್ರಕಟಣೆಯಲ್ಲಿ ಮೂರು ಭಾಗಗಳನ್ನು ಮಾಡಿ, ಯಾವ ಭಾಗಕ್ಕಾದರೂ ಪ್ರತ್ಯೇಕ ದರ ಹಾಕಲು ಬಿಟ್ಟರೆ ಸಣ್ಣವರೂ ಬರುತ್ತಾರೆ, ಮೊತ್ತವೂ ಮರೆಯಾಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸಣ್ಣ ಮಾರುಕಟ್ಟೆಯಲ್ಲಿ ದರಗಳು ಹತ್ತಿರ ಹತ್ತಿರ ಬರುವುದು ಸಹಜವಲ್ಲವೇ? ಲೋಕೋಪಯೋಗಿ ಕಾಮಗಾರಿಗಳಲ್ಲಿ ಅನುಸೂಚಿ ದರ ಎಲ್ಲರಿಗೂ ಗೊತ್ತಿರುತ್ತದೆ. ಅಂದಾಜಿನ ಮೇಲೆ ಶೇಕಡಾವಾರು ದರ ಹಾಕುವ ಟೆಂಡರುಗಳಲ್ಲಂತೂ ಮೊತ್ತಗಳು ಒಂದೆಡೆ ಸೇರಲೇಬೇಕು. ಬಾಬುವಾರು ಪರೀಕ್ಷೆಯೂ ಅಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಎಲ್ಲರ ದರಗಳೂ ಒಂದೇ ಅಂದಾಜು ಪಟ್ಟಿಯ ಗುಣಕಗಳು. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಜೊತೆಯಾಗಿಟ್ಟು ಓದಿದರೆ ಇದಕ್ಕೆ ಉತ್ತರ ಸಿಗುತ್ತದೆ. ಭಾರತೀಯ ಆಹಾರ ನಿಗಮ ಧಾನ್ಯ ಸಂರಕ್ಷಣೆಯ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳಿಗೆ 2009ರಲ್ಲಿ ಕರೆದ ಟೆಂಡರಿನಲ್ಲಿ ಮೂರು ಕಂಪನಿಗಳು ಕಿಲೋಗೆ 388 ರೂಪಾಯಿ ಎಂಬ ಒಂದೇ ದರ ಕೊಟ್ಟಿದ್ದವು. 2017ರ ಎಕ್ಸೆಲ್ ಕ್ರಾಪ್ ಕೇರ್ ತೀರ್ಪಿನಲ್ಲಿ ನ್ಯಾಯಾಲಯ ಒಳಒಪ್ಪಂದದ ತೀರ್ಮಾನವನ್ನು ಎತ್ತಿಹಿಡಿಯಿತು. ಒಂದೇ ಅಂಕಿಯ ಜೊತೆಗೆ ಹಿಂದಿನ ವರ್ಷಗಳಲ್ಲೂ ಅದೇ ಮಾದರಿ ಇತ್ತು, ಬೇರೆ ಬೇರೆ ಉತ್ಪಾದನಾ ವೆಚ್ಚವಿದ್ದವರ ದರ ಹೇಗೆ ಒಂದಾಯಿತೆಂಬುದಕ್ಕೆ ಒಪ್ಪತಕ್ಕ ವಿವರಣೆ ಇರಲಿಲ್ಲ. ಮರುವರ್ಷವೇ, 2018ರ ರಾಜಸ್ಥಾನ್ ಸಿಲಿಂಡರ್ಸ್ ಪ್ರಕರಣದಲ್ಲಿ, ಅಡುಗೆ ಅನಿಲ ಸಿಲಿಂಡರ್ ತಯಾರಕರ ಒಂದೇ ತರಹದ ದರಗಳನ್ನು ಅದೇ ನ್ಯಾಯಾಲಯ ಒಳಒಪ್ಪಂದವೆನ್ನಲು ನಿರಾಕರಿಸಿತು. ಕೊಳ್ಳುವವರು ಬೆರಳೆಣಿಕೆಯ ತೈಲ ಕಂಪನಿಗಳು, ಷರತ್ತುಗಳನ್ನು ಹಿಡಿತದಲ್ಲಿಟ್ಟುಕೊಂಡವರೂ ಅವರೇ. ಅಂಥ ಮಾರುಕಟ್ಟೆಯಲ್ಲಿ ದರಸಾಮ್ಯಕ್ಕೆ ಬೇರೆ ಕಾರಣ ಇದೆಯೆಂದು ಅದು ಒಪ್ಪಿತು.

ಹಾಗಾಗಿ ಆಂತರಿಕ ಪರಿಶೋಧಕರ ಕೆಲಸ ಸಾಮ್ಯವನ್ನು ಎಣಿಸುವುದರಲ್ಲಿ ಮುಗಿಯುವುದಿಲ್ಲ. ಸಾಮ್ಯಕ್ಕೆ ಸಿಗಬಹುದಾದ ನಿರಪರಾಧಿ ವಿವರಣೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದು ಉಳಿಯಿತು, ಯಾವುದು ಬಿದ್ದುಹೋಯಿತು ಎಂದು ಬರೆಯಬೇಕು. ಅನುಸೂಚಿ ದರದ ವಿವರಣೆ ಮೊತ್ತಗಳ ಸಾಮೀಪ್ಯಕ್ಕೆ ಸಾಲುತ್ತದೆ. ಇಬ್ಬರು ಟೆಂಡರ್‌ದಾರರ ಠೇವಣಿ ಡಿ.ಡಿ.ಗಳು ಒಂದೇ ಬ್ಯಾಂಕ್ ಶಾಖೆಯಿಂದ ಅನುಕ್ರಮ ಸಂಖ್ಯೆಯಲ್ಲಿ ಬಂದದ್ದಕ್ಕೆ ಅದು ಸಾಲದು. ಆನ್‌ಲೈನ್ ಟೆಂಡರಿನಲ್ಲಿ ಒಂದೇ ಐ.ಪಿ. ವಿಳಾಸದಿಂದ ಕೆಲವೇ ನಿಮಿಷಗಳ ಅಂತರದಲ್ಲಿ ಇಬ್ಬರ ದಾಖಲೆಗಳು ಏರಿದ್ದಕ್ಕೂ ಸಾಲದು. ಹಾಗೆಂದು ಐ.ಪಿ. ವಿಳಾಸವನ್ನೂ ಅತಿಯಾಗಿ ನಂಬುವಂತಿಲ್ಲ. ಸಣ್ಣ ಊರುಗಳ ಗುತ್ತಿಗೆದಾರರು ಒಂದೇ ಸೈಬರ್ ಅಂಗಡಿಯಲ್ಲಿ ಟೆಂಡರ್ ತುಂಬಿಸುವುದುಂಟು. ಅದು ಬೇರೆ ಗುರುತುಗಳ ಜೊತೆ ಸೇರಿದಾಗಲಷ್ಟೇ ತೂಕ ಪಡೆಯುತ್ತದೆ.

ಮೂರನೆಯದು ಅಧಿಕಾರದ ಪ್ರಶ್ನೆ. ಆಂತರಿಕ ಪರಿಶೋಧಕರು ಗುತ್ತಿಗೆದಾರರ ಕಚೇರಿಯನ್ನು ಶೋಧಿಸಲಾರರು, ದೂರವಾಣಿ ದಾಖಲೆ ತರಿಸಲಾರರು. ಮತ್ತೇಕೆ ಈ ಶಂಕೆ ಎಂದು ಕೇಳುವವರಿದ್ದಾರೆ. ಟೆಂಡರ್ ಒಳಒಪ್ಪಂದವನ್ನು 2002ರ ಸ್ಪರ್ಧಾ ಕಾಯ್ದೆಯ 3(3)(ಡಿ) ನಿಷೇಧಿಸುತ್ತದೆ. ತನಿಖೆಯ ಅಧಿಕಾರ ಭಾರತೀಯ ಸ್ಪರ್ಧಾ ಆಯೋಗದ್ದು. ಆದರೆ 19ನೇ ಪ್ರಕರಣದಡಿ ರಾಜ್ಯ ಸರ್ಕಾರವೂ ವಿಷಯವನ್ನು ಆಯೋಗಕ್ಕೆ ಒಪ್ಪಿಸಬಹುದು, ಹಾಗೆ ಒಪ್ಪಿಸಲು ಕಚೇರಿಯೊಳಗೇ ಇರುವ ಕಾಗದ ಬೇಕು. ಆದ್ದರಿಂದ ಕಂಡಿಕೆಯಲ್ಲಿ ‘ಗುತ್ತಿಗೆದಾರರು ಶಾಮೀಲಾಗಿದ್ದಾರೆ’ ಎಂದು ಬರೆಯುವುದು ಪರಿಶೋಧಕರ ಅಳವಿಗೆ ಮೀರಿದ ಮಾತು. ‘ಮೂರು ಕಡತಗಳಲ್ಲಿ ಅದೇ ಮೂವರು ದರ ಕೊಟ್ಟಿದ್ದಾರೆ, ಬಾಬುಗಳ ದರಗಳು ಶೇ. 5ರ ಸ್ಥಿರ ಅಂತರದಲ್ಲಿವೆ, ಬೇಡಿಕೆ ಒಂದೇ ಸಭೆಯಲ್ಲಿ ನಿಶ್ಚಯವಾಗಿತ್ತು, ವಿವರಣೆ ಕೇಳಿದೆ’ ಎಂಬುದು ಅವರು ಹೊಣೆ ಹೊತ್ತು ಹೇಳಬಹುದಾದ ಮಾತು. ಕಾಲವೂ ಇಲ್ಲಿ ಕಾನೂನಿನ ಅಂಶವೇ. 2023ರ ತಿದ್ದುಪಡಿಯ ನಂತರ, ವ್ಯಾಜ್ಯಕಾರಣ ಹುಟ್ಟಿದ ಮೂರು ವರ್ಷಗಳೊಳಗೆ ಬರದ ದೂರನ್ನು, ವಿಳಂಬಕ್ಕೆ ಸಾಕಷ್ಟು ಕಾರಣವಿಲ್ಲದಿದ್ದರೆ, ಆಯೋಗ ಪರಿಗಣಿಸುವುದಿಲ್ಲ. ನಾಲ್ಕು ವರ್ಷದ ಲೆಕ್ಕಗಳನ್ನು ಒಟ್ಟಿಗೆ ತೆಗೆದು ಪರಿಶೋಧಿಸುವ ಕಚೇರಿಯಲ್ಲಿ ಇಂಥ ಕಂಡಿಕೆ ಬರೆಯುವ ಹೊತ್ತಿಗೇ ಮೊದಲ ವರ್ಷದ ಖರೀದಿಗಳು ಈ ಅವಧಿಯನ್ನು ದಾಟಿರುತ್ತವೆ.