ಲೈಸೆನ್ಸ್ ಬ್ಯಾಂಡ್, ಲೈಸೆನ್ಸ್‌ರಹಿತ ಬ್ಯಾಂಡ್ ಮತ್ತು ಸ್ಪೆಕ್ಟ್ರಂ ಹಂಚಿಕೆ

ರೇಡಿಯೊ ಸಂವಹನಕ್ಕೆ ಬಳಕೆಯಾಗುವ ತರಂಗಾಂತರಗಳನ್ನು, ಅಂದರೆ ಸ್ಪೆಕ್ಟ್ರಂ ಅನ್ನು, ಸರ್ಕಾರಗಳು ಬ್ಯಾಂಡ್‌ಗಳಾಗಿ ವಿಂಗಡಿಸಿ ಎರಡು ಬಗೆಯಲ್ಲಿ ಬಳಕೆಗೆ ಬಿಡುತ್ತ ಬಂದಿವೆ. ಲೈಸೆನ್ಸ್ ಬ್ಯಾಂಡಿನಲ್ಲಿ ಒಂದು ಪ್ರದೇಶದ ಒಂದು ಆವೃತ್ತಿ ಒಬ್ಬರಿಗೇ ಮೀಸಲು. ಲೈಸೆನ್ಸ್‌ರಹಿತ ಬ್ಯಾಂಡಿನಲ್ಲಿ ಶಕ್ತಿಯ ಮಿತಿ ಮೀರದ ಯಾವುದೇ ಪ್ರಮಾಣಿತ ಉಪಕರಣ ಕೆಲಸ ಮಾಡಬಹುದು. ಇವೆರಡರ ನಡುವಿನ ಮೂರನೆಯ ದಾರಿ ಕ್ರಿಯಾಶೀಲ ಹಂಚಿಕೆ. ಯಾರು, ಎಲ್ಲಿ, ಎಷ್ಟು ಹೊತ್ತು ಬಳಸಬಹುದು ಎಂಬುದನ್ನು ಇಲ್ಲಿ ಒಂದು ಗಣಕ ವ್ಯವಸ್ಥೆ ಆಗಾಗ ತೀರ್ಮಾನಿಸುತ್ತದೆ. ಮೂರು ವಿಧಾನಗಳ ಮುಖ್ಯ ವ್ಯತ್ಯಾಸ ಇರುವುದು ಅನುಮತಿಯ ಆಯುಸ್ಸಿನಲ್ಲಿ.

ಭಾರತದಲ್ಲಿ ಹರಾಜಿನಲ್ಲಿ ಗೆದ್ದ ಮೊಬೈಲ್ ಸ್ಪೆಕ್ಟ್ರಂ 20 ವರ್ಷಗಳ ಹಕ್ಕು. ಅದರ ಭೌಗೋಳಿಕ ಘಟಕವೂ ದೊಡ್ಡದು. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕ ಒಂದೇ ಸರ್ಕಲ್. ಬೆಂಗಳೂರಿಗಾಗಿ ಕೊಂಡ ಬ್ಯಾಂಡ್ ಮಲೆನಾಡಿನ ಕಾಡಂಚಿನಲ್ಲೂ ಅದೇ ಕಂಪನಿಯದು; ಅಲ್ಲಿ ಟವರ್ ಇಲ್ಲದಿದ್ದರೂ ಬೇರೆಯವರು ತಾವಾಗಿಯೇ ಅದನ್ನು ಮುಟ್ಟುವಂತಿಲ್ಲ. ಇದಕ್ಕೆ ಪ್ರತಿಯಾಗಿ ಕಂಪನಿಗೆ ಸಿಗುವುದು ಬೇರೆಯವರ ಅಡಚಣೆ ಇಲ್ಲದ ಖಚಿತತೆ. ಕೋಟಿಗಟ್ಟಲೆ ಬಂಡವಾಳ ಹಾಕುವವರಿಗೆ ಅದು ಬೇಕೇ ಬೇಕು.

ಲೈಸೆನ್ಸ್‌ರಹಿತ ಬಳಕೆಗೆ ದೊಡ್ಡ ತಿರುವು ಸಿಕ್ಕಿದ್ದು 1985ರಲ್ಲಿ. ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಆ ವರ್ಷ 2.4 ಗಿಗಾಹರ್ಟ್ಸ್ ಸೇರಿದಂತೆ ಮೂರು ಬ್ಯಾಂಡ್‌ಗಳನ್ನು ಸ್ಪ್ರೆಡ್ ಸ್ಪೆಕ್ಟ್ರಂ ರೇಡಿಯೊಗಳಿಗೆ ತೆರೆಯಿತು. ವೈಫೈ ಬೆಳೆದದ್ದು ಅಲ್ಲಿಯೇ. ಭಾರತದಲ್ಲಿ 2.4 ಗಿಗಾಹರ್ಟ್ಸ್ 2005ರಲ್ಲಿ ಲೈಸೆನ್ಸ್‌ಮುಕ್ತವಾಯಿತು. 5 ಗಿಗಾಹರ್ಟ್ಸ್ ಬ್ಯಾಂಡ್ ಹೊರಾಂಗಣಕ್ಕೂ ವಿಸ್ತಾರವಾಗಿ ತೆರೆದದ್ದು 2018ರಲ್ಲಿ. ವೈಫೈ ಉಪಕರಣ ಮೊದಲು ಕೇಳಿಸಿಕೊಳ್ಳುತ್ತದೆ, ಚಾನೆಲ್ ಖಾಲಿ ಇದ್ದರೆ ಮಾತ್ರ ಪ್ರಸಾರ ಮಾಡುತ್ತದೆ. ಆದರೆ ಗೋಡೆಯಾಚೆ ಇರುವ ಇನ್ನೊಂದು ಪ್ರೇಷಕ ಅದಕ್ಕೆ ಕೇಳಿಸದಿದ್ದರೆ ಇಬ್ಬರೂ ಒಟ್ಟಿಗೆ ಪ್ರಸಾರ ಮಾಡಿ, ನಡುವಿನ ಗ್ರಾಹಕನಿಗೆ ಇಬ್ಬರ ಮಾತೂ ಕೆಡುತ್ತದೆ. ಹಾಗಾದಾಗ ದೂರು ಕೊಡುವ ಹಕ್ಕು ಯಾರಿಗೂ ಇಲ್ಲ. ಇಲ್ಲಿ ಅನುಮತಿಗೆ ಆಯುಸ್ಸಿನ ಮಿತಿಯಿಲ್ಲ, ರಕ್ಷಣೆಯೂ ಇಲ್ಲ.

ಮೂರನೆಯ ವಿಧಾನದ ಅತ್ಯಂತ ಪೂರ್ಣ ಉದಾಹರಣೆ ಅಮೆರಿಕದ ಸಿಟಿಜನ್ಸ್ ಬ್ರಾಡ್‌ಬ್ಯಾಂಡ್ ರೇಡಿಯೊ ಸರ್ವಿಸ್, ಸಂಕ್ಷಿಪ್ತವಾಗಿ ಸಿಬಿಆರ್‌ಎಸ್. 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ಈ 150 ಮೆಗಾಹರ್ಟ್ಸ್‌ನ ಬಹುಭಾಗದಲ್ಲಿ ಅಮೆರಿಕನ್ ನೌಕಾಪಡೆಯ ಹಡಗುಗಳ ರೇಡಾರ್ ಕೆಲಸ ಮಾಡುತ್ತದೆ. ಹಡಗು ಕರಾವಳಿಗೆ ಬರುವುದು ಯಾವಾಗಲೋ ಒಮ್ಮೆ. ಆ ಕಾರಣಕ್ಕೆ ಇಡೀ ಬ್ಯಾಂಡ್ ಅನ್ನು ಖಾಲಿ ಇಡುವುದು ನಷ್ಟ. ರೇಡಾರನ್ನು ಬೇರೆಡೆಗೆ ಸಾಗಿಸಲು ಅಪಾರ ಹಣ, ಅಪಾರ ಕಾಲ ಬೇಕು. ಹೀಗಾಗಿ ಎಫ್‌ಸಿಸಿ 2015ರಲ್ಲಿ ಮೂರು ಮೆಟ್ಟಿಲಿನ ನಿಯಮ ಮಾಡಿತು. ಮೇಲಿನ ಮೆಟ್ಟಿಲಲ್ಲಿ ನೌಕಾಪಡೆ ಮತ್ತು ಕೆಲವು ಉಪಗ್ರಹ ಭೂಕೇಂದ್ರಗಳು. ನಡುವೆ ಹರಾಜಿನಲ್ಲಿ ಪಡೆದ ಆದ್ಯತಾ ಲೈಸೆನ್ಸ್‌ದಾರರು. ಕೆಳಗೆ ಹಣ ಕೊಡದ ಸಾಮಾನ್ಯ ಬಳಕೆದಾರರು. ಆದ್ಯತಾ ಲೈಸೆನ್ಸ್‌ನ ಅವಧಿ 10 ವರ್ಷ. ಪ್ರತಿಯೊಂದೂ ಒಂದು ಕೌಂಟಿಗೆ 10 ಮೆಗಾಹರ್ಟ್ಸ್. ಒಂದು ಕೌಂಟಿಯಲ್ಲಿ ಇಂಥವು ಏಳಕ್ಕಿಂತ ಹೆಚ್ಚಿರುವಂತಿಲ್ಲ, ಒಬ್ಬರ ಕೈಯಲ್ಲಿ ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ. 2020ರ ಹರಾಜಿನಲ್ಲಿ ಇವು ಸುಮಾರು 458 ಕೋಟಿ ಡಾಲರ್ ತಂದವು.

ವರ್ಜೀನಿಯಾದ ನಾರ್ಫೋಕ್ ನೌಕಾನೆಲೆಯ ಹತ್ತಿರ ಒಂದು ಗೋದಾಮು ಈ ಬ್ಯಾಂಡಿನಲ್ಲಿ ಸ್ವಂತ ಜಾಲ ಹಾಕಿತು ಎಂದುಕೊಳ್ಳೋಣ. ಅದರ ಬೇಸ್ ಸ್ಟೇಷನ್ ಮೊದಲು ತಾನಿರುವ ಸ್ಥಳ, ಆಂಟೆನಾ ಎತ್ತರ ಇತ್ಯಾದಿಗಳೊಂದಿಗೆ ಎಸ್‌ಎಎಸ್ ಎಂಬ ಸರ್ವರ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಇಂಥ ಸರ್ವರ್‌ಗಳನ್ನು ಗೂಗಲ್, ಫೆಡರೇಟೆಡ್ ವೈರ್‌ಲೆಸ್‌ನಂಥ ಕಂಪನಿಗಳು ನಡೆಸುತ್ತವೆ. ಯಾವ ಚಾನೆಲ್ ಸಿಕ್ಕೀತು ಎಂದು ಸ್ಟೇಷನ್ ವಿಚಾರಿಸಿ ಒಂದು ಮಂಜೂರಾತಿ ಕೇಳುತ್ತದೆ. ಮಂಜೂರಾತಿ ಬಂದರೂ ಪ್ರಸಾರಕ್ಕೆ ಒಪ್ಪಿಗೆ ಸಿಕ್ಕಂತಲ್ಲ. ಸ್ಟೇಷನ್ ಪದೇ ಪದೇ ‘ಹಾರ್ಟ್‌ಬೀಟ್’ ಸಂದೇಶ ಕಳಿಸಬೇಕು. ಪ್ರತಿ ಉತ್ತರದಲ್ಲಿ `transmitExpireTime` ಎಂಬ ಗಡುವು ಇರುತ್ತದೆ. ಅದು ಹೆಚ್ಚೆಂದರೆ 240 ಸೆಕೆಂಡು ಮುಂದಿನದು. ಗಡುವು ಮುಗಿಯುವುದರೊಳಗೆ ಹೊಸ ಒಪ್ಪಿಗೆ ಬಾರದಿದ್ದರೆ 60 ಸೆಕೆಂಡಿನಲ್ಲಿ ಪ್ರಸಾರ ನಿಲ್ಲಬೇಕು. ನಾಲ್ಕು ನಿಮಿಷದ ಪರವಾನಗಿ ಎಂಬ ಈ ಕಲ್ಪನೆಯೇ ಇಡೀ ವ್ಯವಸ್ಥೆಯ ಜೀವಾಳ.

ಈಗ ಒಂದು ಯುದ್ಧನೌಕೆ ಬಂದು ರೇಡಾರ್ ಹಾಕಿತು. ಕರಾವಳಿಯುದ್ದಕ್ಕೂ ನೆಟ್ಟಿರುವ ಇಎಸ್‌ಸಿ ಸಂವೇದಕಗಳಲ್ಲಿ ಹತ್ತಿರದ್ದು ಅದನ್ನು ಗುರುತಿಸಿ ಎಸ್‌ಎಎಸ್‌ಗೆ ತಿಳಿಸುತ್ತದೆ. ಅಲ್ಲಿಂದ 300 ಸೆಕೆಂಡಿನೊಳಗೆ ಆ ವಲಯದಲ್ಲಿ ರೇಡಾರ್‌ಗೆ ಅಡ್ಡಿಯಾಗಬಲ್ಲ ಸ್ಟೇಷನ್‌ಗಳು ಚಾನೆಲ್ ಬಿಡಬೇಕು. ಗಡುವಿನ 240, ನಿಲ್ಲಲು ಕೊಟ್ಟ 60, ಎರಡೂ ಸೇರಿ 300. ಹೀಗಾಗಿ ಸರ್ವರ್‌ನೊಂದಿಗೆ ಸಂಪರ್ಕ ಕಡಿದುಹೋದ ಸ್ಟೇಷನ್ ಕೂಡ ಆ ಹೊತ್ತಿಗೆ ತಾನೇ ಮೌನವಾಗಿರುತ್ತದೆ. ಜಾಲ ನಿರ್ವಾಹಕರು ಲಾಗ್ ತೆರೆದರೆ ನಡೆದದ್ದು ತಿಳಿಯುತ್ತದೆ. ಉತ್ತರದಲ್ಲಿ `501` ಇದ್ದರೆ ಮಂಜೂರಾತಿ ತಾತ್ಕಾಲಿಕವಾಗಿ ಅಮಾನತಾಗಿದೆ, `500` ಇದ್ದರೆ ರದ್ದಾಗಿದೆ. ಎರಡೂ ಇಲ್ಲದೆ ಹಾರ್ಟ್‌ಬೀಟ್‌ಗೆ ಉತ್ತರವೇ ಬಂದಿಲ್ಲವಾದರೆ ನೋಡಬೇಕಾದ್ದು ರೇಡಾರನ್ನಲ್ಲ, ಇಂಟರ್ನೆಟ್ ಸಂಪರ್ಕವನ್ನು.

ಆಪರೇಟರುಗಳ ನಡುವಿನ ಹಂಚಿಕೆ ನಡೆಯುವುದು ಕೆಳಗಿನ ಎರಡು ಮೆಟ್ಟಿಲುಗಳ ನಡುವೆ. ಆದ್ಯತಾ ಲೈಸೆನ್ಸ್ ಕೊಂಡ ಕಂಪನಿ ಕೌಂಟಿಯ ಒಂದು ಮೂಲೆಯಲ್ಲಿ ಮಾತ್ರ ಟವರ್ ಹಾಕಿದ್ದರೆ, ಅದಕ್ಕೆ ರಕ್ಷಣೆ ಸಿಗುವುದು ಆ ಟವರ್‌ಗಳ ಸಂಕೇತ ಮುಟ್ಟುವ ವಲಯಕ್ಕಷ್ಟೇ. ಉಳಿದ ಪ್ರದೇಶದಲ್ಲಿ ಅದೇ ಚಾನೆಲನ್ನು ಸಾಮಾನ್ಯ ಬಳಕೆದಾರರು ಪುಕ್ಕಟೆಯಾಗಿ ಬಳಸಬಹುದು. ಕಂಪನಿ ಮುಂದೆ ಅಲ್ಲಿಗೂ ಬಂದರೆ ಅವರು ಜಾಗ ಬಿಡಬೇಕು. ಬಳಸದ ಸ್ಪೆಕ್ಟ್ರಂ ಮೇಲೆ ಯಾರೂ ಬೀಗ ಹಾಕಿ ಕೂರುವಂತಿಲ್ಲ ಎಂಬುದು ಇದರ ನ್ಯಾಯ, ಅದು ಸರಿಯಾದ ನ್ಯಾಯ. ಒಂದೇ ಕಂಪನಿ ತನ್ನದೇ ಬ್ಯಾಂಡಿನಲ್ಲಿ 4ಜಿ ಮತ್ತು 5ಜಿಯನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹೊಂದಿಸುವುದಕ್ಕೂ ‘ಡೈನಾಮಿಕ್ ಸ್ಪೆಕ್ಟ್ರಂ ಶೇರಿಂಗ್’ ಎಂದೇ ಹೆಸರಿದೆ. ಅಲ್ಲಿ ಎರಡನೆಯ ಆಪರೇಟರೇ ಇಲ್ಲವಾದ್ದರಿಂದ ಅದು ಬೇರೆ ವಿಷಯ.

ಈ ವ್ಯವಸ್ಥೆಯ ಮಿತಿಗಳೂ ಸ್ಪಷ್ಟ. ಹಡಗಿನ ವಿಷಯದಲ್ಲಿ ನಿಮಿಷಗಳಲ್ಲಿ ಸ್ಪಂದಿಸುವ ವ್ಯವಸ್ಥೆ ಉಳಿದ ಲೆಕ್ಕದಲ್ಲಿ ಅಷ್ಟು ಚುರುಕಲ್ಲ. ಬೇರೆ ಬೇರೆ ಕಂಪನಿಗಳ ಎಸ್‌ಎಎಸ್‌ಗಳು ದಿನಕ್ಕೊಮ್ಮೆ ರಾತ್ರಿ ತಮ್ಮ ಮಾಹಿತಿ ವಿನಿಮಯ ಮಾಡಿಕೊಂಡು ಒಟ್ಟು ಅಡಚಣೆಯನ್ನು ಲೆಕ್ಕ ಹಾಕುತ್ತವೆ. ಹಾಗಾಗಿ ಹೊಸ ಸ್ಟೇಷನ್ ಪ್ರಸಾರಕ್ಕೆ ಕೆಲವೊಮ್ಮೆ ಮರುದಿನದವರೆಗೆ ಕಾಯಬೇಕಾಗುತ್ತದೆ. ರೇಡಾರನ್ನು ಆಲಿಸುವ ಸಂವೇದಕಕ್ಕೇ ಸುತ್ತಲಿನ ಪ್ರಸಾರ ಅಡ್ಡಿಯಾಗಬಾರದು. ಅದಕ್ಕಾಗಿ ಸಂವೇದಕದ ಸುತ್ತ ಶಕ್ತಿ ತಗ್ಗಿಸಬೇಕಾಗಿ, ಹಡಗು ಬಾರದ ದಿನವೂ ಕರಾವಳಿಯ ಕೆಲವೆಡೆ ಬ್ಯಾಂಡ್ ಪೂರ್ತಿ ಸಿಗುವುದಿಲ್ಲ. ಸಾಮಾನ್ಯ ಬಳಕೆದಾರರಿಗಂತೂ ಪರಸ್ಪರ ರಕ್ಷಣೆಯಿಲ್ಲ. ಅಕ್ಕಪಕ್ಕದ ಇಬ್ಬರ ಜಾಲದ ಗಡಿಯಾರ ಹೊಂದದಿದ್ದರೆ, ಅಥವಾ ಕಳಿಸುವ ಮತ್ತು ಪಡೆಯುವ ಸರದಿಯ ಮಾದರಿ ಬೇರೆಯಾಗಿದ್ದರೆ, ಒಬ್ಬನ ಸ್ಟೇಷನ್ ಫೋನುಗಳ ಕ್ಷೀಣ ಸಂಕೇತ ಆಲಿಸುವ ಹೊತ್ತಿಗೆ ಇನ್ನೊಬ್ಬನ ಸ್ಟೇಷನ್ ಜೋರಾಗಿ ಪ್ರಸಾರ ಮಾಡುತ್ತಿರುತ್ತದೆ. ಇದರ ಗುರುತು ಸುಲಭ: ಡೌನ್‌ಲೋಡ್ ಚೆನ್ನಾಗಿದ್ದು ಅಪ್‌ಲೋಡ್ ಮಾತ್ರ ಕುಸಿಯುತ್ತದೆ. ಆಗ ನೆರೆಯವನನ್ನು ಹುಡುಕಿ ಒಂದೇ ಸರದಿಗೆ ಒಪ್ಪಿಸಬೇಕು, ಇಲ್ಲವೇ ಚಾನೆಲ್ ಬದಲಿಸಬೇಕು.

ಭಾರತದಲ್ಲಿ 2015ರಿಂದ ಆಪರೇಟರುಗಳು ಸ್ಪೆಕ್ಟ್ರಂ ಹಂಚಿಕೊಳ್ಳಬಹುದು. ಆದರೆ ಆ ವರ್ಷದ ಮಾರ್ಗಸೂಚಿಯ ಪ್ರಕಾರ ಒಂದೇ ಸರ್ಕಲ್‌ನ ಒಂದೇ ಬ್ಯಾಂಡಿನಲ್ಲಿ ಇಬ್ಬರ ಬಳಿಯೂ ಸ್ಪೆಕ್ಟ್ರಂ ಇರಬೇಕು. ಅದು ಇಬ್ಬರ ನಡುವಿನ ದೀರ್ಘಕಾಲದ ಒಪ್ಪಂದ. ನಿಮಿಷ ನಿಮಿಷಕ್ಕೆ ಅನುಮತಿ ಕೊಡುವ ಸರ್ವರ್‌ಗೆ ಅಲ್ಲಿ ಜಾಗವಿಲ್ಲ. 2022ರ ಖಾಸಗಿ ಜಾಲಗಳ ಮಾರ್ಗಸೂಚಿ ಕಾರ್ಖಾನೆಗಳಿಗೆ ಟೆಲಿಕಾಂ ಕಂಪನಿಯಿಂದ ಸ್ಪೆಕ್ಟ್ರಂ ಅನ್ನು ಲೀಸ್‌ಗೆ ಪಡೆಯುವ ದಾರಿ ತೆರೆಯಿತು. 2023ರ ದೂರಸಂಪರ್ಕ ಕಾಯ್ದೆ ಹಂಚಿಕೆ, ಮಾರಾಟ, ಲೀಸ್ ಮೂರಕ್ಕೂ ಅವಕಾಶ ಕಲ್ಪಿಸಿದೆ. ಆದರೆ ಈ ಮೂರರಲ್ಲಿ ಯಾವ ದಾರಿಯಿಂದಲಾದರೂ ಟವರ್ ಇಲ್ಲದ ತಾಲ್ಲೂಕಿನಲ್ಲಿ ಹರಾಜಾದ ಬ್ಯಾಂಡನ್ನು ಇನ್ನೊಬ್ಬರು ಬಳಸಬೇಕಾದರೆ ಅದರ ಒಡೆಯ ಒಪ್ಪಬೇಕು.